ಪಾಸ್‌ಬುಕ್ಕಿನಲ್ಲಿ ಬೆಳೆದು ಅಂಗಡಿಯಲ್ಲಿ ಕರಗುವ ಹಣ

2020ರ ಏಪ್ರಿಲ್‌ನಲ್ಲಿ ಒಬ್ಬರು ಉಳಿತಾಯ ಖಾತೆಯಲ್ಲಿ ಒಂದು ಲಕ್ಷ ರೂಪಾಯಿ ಇಟ್ಟು, ಮತ್ತೆ ಅದನ್ನು ಮುಟ್ಟಲಿಲ್ಲ ಎಂದುಕೊಳ್ಳೋಣ. ಬಡ್ಡಿ ವರ್ಷಕ್ಕೆ ಶೇ 3 ಎಂದು ಹಿಡಿದರೆ, 2025ರ ಮಾರ್ಚ್ ಹೊತ್ತಿಗೆ ಖಾತೆಯಲ್ಲಿ ಸುಮಾರು 1,15,900 ರೂಪಾಯಿ ಇರುತ್ತದೆ. ನೋಡಲು ಲಾಭವೇ.

ಆದರೆ ಆ ಐದು ಹಣಕಾಸು ವರ್ಷಗಳಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಕ್ರಮವಾಗಿ ಶೇ 6.2, 5.5, 6.7, 5.4 ಮತ್ತು 4.6 ಇತ್ತು. ಪ್ರತಿ ವರ್ಷದ ಏರಿಕೆ ಹಿಂದಿನ ವರ್ಷದ ಬೆಲೆಯ ಮೇಲೆಯೇ ಕೂಡುತ್ತದೆ. ಚಕ್ರಬಡ್ಡಿಯ ಲೆಕ್ಕ ಇಲ್ಲೂ ಉಂಟು. ಹೀಗಾಗಿ 100 ರೂಪಾಯಿಗೆ ಸಿಗುತ್ತಿದ್ದ ಸಾಮಾನಿಗೆ ಸುಮಾರು 132 ರೂಪಾಯಿ ತೆರಬೇಕಾಯಿತು. ಖಾತೆಯಲ್ಲಿರುವ 1,15,900 ರೂಪಾಯಿಯನ್ನು ಈ ಏರಿಕೆಯಿಂದ ಭಾಗಿಸಿದರೆ, 2020ರ ಬೆಲೆಯಲ್ಲಿ ಅದರ ಕೊಳ್ಳುವ ಶಕ್ತಿ ಸುಮಾರು 88,000 ರೂಪಾಯಿ ಮಾತ್ರ. ಒಂದು ಪೈಸೆಯನ್ನೂ ತೆಗೆಯದಿದ್ದರೂ 12,000 ರೂಪಾಯಿಯಷ್ಟು ಸಾಮಾನು ಕೈತಪ್ಪಿತು.

ಬೆಲೆ ಏರಿದ್ದೇಕೆ? ಒಂದು ಕಾರಣ ಪೂರೈಕೆಯ ಕೊರತೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಕಚ್ಚಾತೈಲದ ಜೊತೆಗೆ ಸೂರ್ಯಕಾಂತಿ ಎಣ್ಣೆಯೂ ತುಟ್ಟಿಯಾಯಿತು. ಎರಡಕ್ಕೂ ನಾವು ಬಹುಪಾಲು ಆಮದನ್ನೇ ನಂಬಿದ್ದೇವೆ. ಡೀಸೆಲ್ ತುಟ್ಟಿಯಾದರೆ ಲಾರಿ ಬಾಡಿಗೆ ಏರುತ್ತದೆ, ಅದು ತರಕಾರಿಯಿಂದ ಸಿಮೆಂಟಿನವರೆಗೆ ಎಲ್ಲದರ ಬೆಲೆಗೂ ಸೇರುತ್ತದೆ. ಆ ಏಪ್ರಿಲ್‌ನಲ್ಲಿ ಹಣದುಬ್ಬರ ಶೇ 7.79ಕ್ಕೆ ಮುಟ್ಟಿತು.

ಇನ್ನೊಂದು ಕಾರಣ ಬೇಡಿಕೆ. ಸಾಲ ಅಗ್ಗವಾಗಿ ಜನರ ಕೈಯಲ್ಲಿ ಹಣ ಓಡಾಡುತ್ತಿರುವಾಗ ಸರಕು ಅದಕ್ಕೆ ತಕ್ಕಂತೆ ಹೆಚ್ಚದಿದ್ದರೆ, ಮಾರುವವರು ಬೆಲೆ ಏರಿಸುತ್ತಾರೆ. ರಿಸರ್ವ್ ಬ್ಯಾಂಕಿನ ಹಿಡಿತ ಇರುವುದು ಮುಖ್ಯವಾಗಿ ಇದರ ಮೇಲೆ. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯೊಳಗೆ ಅದು ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿ, ಸಾಲವನ್ನು ದುಬಾರಿ ಮಾಡಿತು. ಆದರೆ ಬಡ್ಡಿ ಏರಿಸಿದರೆ ಟೊಮೆಟೊ ಬೆಳೆಯುವುದಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಮತ್ತಿತರ ತರಕಾರಿಗಳ ಬೆಲೆ ಗಗನಕ್ಕೇರಿದಾಗ ಹಣದುಬ್ಬರ ಮತ್ತೆ ಶೇ 7.44 ಆಯಿತು, ಹೊಸ ಫಸಲು ಬಂದ ಮೇಲಷ್ಟೇ ಇಳಿಯಿತು.

‘ಹಣದುಬ್ಬರ ಇಳಿದಿದೆ’ ಎಂಬ ಸುದ್ದಿ ಕೇಳಿ ಹಲವರು ಎಡವುವುದು ಇಲ್ಲಿಯೇ. ಇಳಿದದ್ದು ಏರಿಕೆಯ ವೇಗ, ಒಟ್ಟಾರೆ ಬೆಲೆಯಲ್ಲ. ಟೊಮೆಟೊ ಅಗ್ಗವಾಗಬಹುದು, ಆದರೆ ಒಮ್ಮೆ ಏರಿದ ಶಾಲಾ ಶುಲ್ಕ, ಮನೆ ಬಾಡಿಗೆ ಕೆಳಗಿಳಿಯುವುದು ಅಪರೂಪ.

ರಿಸರ್ವ್ ಬ್ಯಾಂಕಿನ ಗುರಿಯೇ ಶೇ 4ರ ಹಣದುಬ್ಬರ. ಗುರಿ ಚಾಚೂ ತಪ್ಪದೆ ಈಡೇರಿದರೂ ಬೆಲೆಗಳು ಸುಮಾರು 18 ವರ್ಷಗಳಲ್ಲಿ ಇಮ್ಮಡಿಯಾಗುತ್ತವೆ. ಆದ್ದರಿಂದ ಠೇವಣಿ ಇಡುವಾಗ ಬಡ್ಡಿದರವೊಂದನ್ನೇ ನೋಡಬೇಡಿ. ಅದರಲ್ಲಿ ತೆರಿಗೆಯನ್ನೂ ಹಣದುಬ್ಬರವನ್ನೂ ಕಳೆದು ನೋಡಿ. ಉಳಿದದ್ದೇ ನಿಮ್ಮ ನಿಜವಾದ ಬಡ್ಡಿ. ತುರ್ತು ಖರ್ಚಿಗೆ ಬೇಕಾದಷ್ಟು ಹಣ ಉಳಿತಾಯ ಖಾತೆಯಲ್ಲಿರಲಿ, ವರ್ಷಗಟ್ಟಲೆ ಬೇಕಾಗದ ಹಣಕ್ಕೆ ಅದು ತಕ್ಕ ಜಾಗವಲ್ಲ.