ಮೀಟರಿನ ಸೆಲ್‌ಗೆ ಹಕ್ಕಳೆಯೇ ಕಾವಲು

ಫ್ರಾನ್ಸಿನ ಅನಿಲ ವಿತರಣಾ ಸಂಸ್ಥೆ ಜಿಆರ್‌ಡಿಎಫ್ 2016ರಿಂದೀಚೆಗೆ ಅಲ್ಲಿನ ಮನೆಗಳಿಗೆ ಹಳದಿ ಬಣ್ಣದ ಹೊಸ ಗ್ಯಾಸ್ ಮೀಟರುಗಳನ್ನು ಹಾಕಿಸಿತು. ಅವುಗಳ ಹೆಸರು ಗಾಜ್‌ಪಾರ್, ಸಂಖ್ಯೆ ಸುಮಾರು 1 ಕೋಟಿ 10 ಲಕ್ಷ. ಪ್ರತಿ ಮೀಟರೂ ದಿನಕ್ಕೆ ಎರಡು ಸಲ ಎಚ್ಚೆತ್ತು, ಒಂದು ಸೆಕೆಂಡಿಗೂ ಕಡಿಮೆ ಹೊತ್ತು ರೇಡಿಯೊದಲ್ಲಿ ತನ್ನ ಲೆಕ್ಕ ಕಳುಹಿಸಿ ಮತ್ತೆ ಮಲಗುತ್ತದೆ. ಅದಕ್ಕೆ ಕರೆಂಟಿನ ತಂತಿ ಇಲ್ಲ. ಒಳಗಿರುವ ಲಿಥಿಯಂ ಬ್ಯಾಟರಿಯೇ ಇಪ್ಪತ್ತು ವರ್ಷ ಸಾಗಿಸಬೇಕು ಎಂಬ ಲೆಕ್ಕದಲ್ಲಿ ಅದನ್ನು ರೂಪಿಸಲಾಗಿದೆ.

ಗೋಡೆ ಗಡಿಯಾರಕ್ಕೆ ಹಾಕಿದ ಸೆಲ್ ವರ್ಷ ಎರಡು ವರ್ಷಕ್ಕೆ ಕೈಕೊಡುವುದನ್ನು ಕಂಡವರಿಗೆ ಈ ಇಪ್ಪತ್ತು ವರ್ಷ ನಂಬಲು ಕಷ್ಟ. ಆದರೆ ಗ್ಯಾಸ್ ಮತ್ತು ನೀರಿನ ಮೀಟರುಗಳ ಲೋಕದಲ್ಲಿ ಇದು ಎಂದಿನ ಬೇಡಿಕೆ. ಗ್ಯಾಸ್ ಕೊಳವೆಯ ಪಕ್ಕಕ್ಕೆ ಯಾರೂ ಕರೆಂಟಿನ ತಂತಿ ಎಳೆಯುವುದಿಲ್ಲ, ಪಾದಚಾರಿ ಮಾರ್ಗದ ಗುಂಡಿಯೊಳಗಿನ ನೀರಿನ ಮೀಟರಿಗಂತೂ ಆ ಮಾತೇ ಇಲ್ಲ. ಸೆಲ್ ಬದಲಿಸಲು ಒಬ್ಬ ಕೆಲಸಗಾರ ಮನೆಮನೆ ತಿರುಗಿದರೆ ಅವನ ಓಡಾಟದ ಖರ್ಚು ಸೆಲ್‌ನ ಬೆಲೆಯನ್ನು ಮೀರುತ್ತದೆ. ಹಾಗಾಗಿ ಮೀಟರಿನ ಆಯುಸ್ಸು ಎಷ್ಟೋ ಸೆಲ್‌ನ ಆಯುಸ್ಸೂ ಅಷ್ಟಿರಬೇಕು. ಈ ಕೆಲಸಕ್ಕೆ ಜಗತ್ತಿನ ಮೀಟರ್ ತಯಾರಕರು ಹೆಚ್ಚಾಗಿ ನೆಚ್ಚಿಕೊಂಡಿರುವುದು ಲಿಥಿಯಂ ಥಯೋನೈಲ್ ಕ್ಲೋರೈಡ್ ಸೆಲ್ ಅನ್ನು. ನಮ್ಮ ಮನೆಗಳ ಎಲೆಕ್ಟ್ರಾನಿಕ್ ವಿದ್ಯುತ್ ಮೀಟರುಗಳಲ್ಲೂ ಕರೆಂಟು ಹೋದಾಗ ಒಳಗಿನ ಗಡಿಯಾರ ನಿಲ್ಲದಿರಲೆಂದು ಇದೇ ಜಾತಿಯ ಪುಟ್ಟ ಸೆಲ್ ಇಡುವುದುಂಟು.

ಪೆನ್ಸಿಲ್ ಸೆಲ್ ಗಾತ್ರದ್ದೊಂದನ್ನು ಕೈಗೆತ್ತಿಕೊಂಡರೆ ಮೊದಲು ಅನಿಸುವುದು, ಇದು ಹಗುರ. ಅಂಗಡಿಯ ಆಲ್ಕಲೈನ್ ಸೆಲ್ ಸುಮಾರು 23 ಗ್ರಾಂ ತೂಗಿದರೆ ಇದು 17 ಗ್ರಾಂ ಆಸುಪಾಸು. ಅದರದು ಒಂದೂವರೆ ವೋಲ್ಟ್, ಇದರದು 3.6 ವೋಲ್ಟ್. ತಲೆಯ ನಡುವೆ ಸಣ್ಣದೊಂದು ಕಡ್ಡಿ ಇದೆ, ಅದರ ಸುತ್ತ ಗಾಜಿನ ಉಂಗುರ. ಕಡ್ಡಿ ಹೊರಗೆ ಬರುವ ಜಾಗವನ್ನು ಗಾಜು ಕರಗಿಸಿ ಮುಚ್ಚಲಾಗಿದೆ, ಡಬ್ಬಿಯ ಅಂಚನ್ನು ಬೆಸುಗೆ ಹಾಕಲಾಗಿದೆ. ಟಿವಿ ರಿಮೋಟಿನೊಳಗೆ ಸೆಲ್ ಬಿಳಿ ಪುಡಿ ಉಗುಳಿದ್ದನ್ನು ನೋಡದವರು ಕಡಿಮೆ. ಅಲ್ಲಿ ಬಾಯಿ ಮುಚ್ಚುವುದು ಪ್ಲಾಸ್ಟಿಕ್ಕು, ವರ್ಷಗಳು ಕಳೆದಂತೆ ಅದು ಸೋಲುತ್ತದೆ. ಗಾಜು ಮತ್ತು ಬೆಸುಗೆ ಹಾಗೆ ಸೋಲುವುದಿಲ್ಲ. ಒಳಗಿನ ದ್ರವ ಆರುವುದಿಲ್ಲ, ಹೊರಗಿನ ತೇವ ಒಳಗೆ ನುಸುಳುವುದಿಲ್ಲ.

ಆದರೆ ಮುಚ್ಚಳ ಎಷ್ಟೇ ಭದ್ರವಿದ್ದರೂ ಅದು ಅರ್ಧ ಉತ್ತರ ಮಾತ್ರ. ಉಳಿದರ್ಧ ಡಬ್ಬಿಯೊಳಗಿದೆ.

ಡಬ್ಬಿಯ ಒಳಗೋಡೆಗೆ ಲಿಥಿಯಂ ಲೋಹದ ಹಾಳೆಯನ್ನು ಒತ್ತಿ ಅಂಟಿಸಿರುತ್ತಾರೆ. ಪೆನ್ಸಿಲ್ ಗಾತ್ರದ ಸೆಲ್‌ನಲ್ಲಿ ಅದರ ತೂಕ ಸುಮಾರು 0.7 ಗ್ರಾಂ ಅಷ್ಟೆ. ನಡುವೆ ಕಾಡಿಗೆಯಂಥ ಇಂಗಾಲದ ಪುಡಿಯಿಂದ ಕಟ್ಟಿದ, ಮೈತುಂಬ ಸೂಕ್ಷ್ಮ ರಂಧ್ರಗಳಿರುವ ಕಂಬ. ಎರಡರ ನಡುವೆ ಗಾಜಿನ ನಾರಿನ ತೆಳು ಪರದೆ. ಮಿಕ್ಕ ಜಾಗವನ್ನೆಲ್ಲ ತುಂಬಿರುವುದು ಥಯೋನೈಲ್ ಕ್ಲೋರೈಡ್ ಎಂಬ ಘಾಟಿನ ದ್ರವ. ವಿದ್ಯುತ್ ಹರಿಯಲೆಂದು ಅದರಲ್ಲಿ ಒಂದು ಲವಣವನ್ನು ಕರಗಿಸಿರುತ್ತಾರೆ. ಸಾಮಾನ್ಯ ಸೆಲ್‌ಗಳಲ್ಲಿ ದ್ರವ ಬರೀ ದಾರಿ. ಇಲ್ಲಿ ದಾರಿಯೂ ಅದೇ, ಲಿಥಿಯಂ ಜೊತೆ ಕೂಡಿ ಶಕ್ತಿ ಕೊಡುವ ಸರಕೂ ಅದೇ. ಇಷ್ಟು ಪುಟ್ಟ ಡಬ್ಬಿಯಲ್ಲಿ ಅಷ್ಟೊಂದು ಶಕ್ತಿ ಹಿಡಿದಿರುವುದಕ್ಕೆ ಇದೂ ಒಂದು ಕಾರಣ.

ಇಲ್ಲೊಂದು ಒಗಟಿದೆ. ಲಿಥಿಯಂ ಸುಮ್ಮನಿರುವ ಲೋಹವಲ್ಲ, ಥಯೋನೈಲ್ ಕ್ಲೋರೈಡ್ ಸೌಮ್ಯ ದ್ರವವೂ ಅಲ್ಲ. ಒಂದಕ್ಕೊಂದು ತಾಗಿದರೆ ಪ್ರತಿಕ್ರಿಯೆ ನಡೆದೇ ತೀರುತ್ತದೆ. ಅಂಥ ಎರಡನ್ನು ಒಂದೇ ಡಬ್ಬಿಯಲ್ಲಿ, ಒಂದು ಇನ್ನೊಂದರಲ್ಲಿ ಮುಳುಗಿರುವಂತೆ ಇಪ್ಪತ್ತು ವರ್ಷ ಇಡುವುದಾದರೂ ಹೇಗೆ?

ಪ್ರತಿಕ್ರಿಯೆಯೇ ತನ್ನ ದಾರಿಗೆ ತಾನು ಅಡ್ಡ ನಿಲ್ಲುತ್ತದೆ. ದ್ರವ ಸುರಿದ ಕ್ಷಣದಲ್ಲೇ ಲಿಥಿಯಂ ಮೇಲ್ಮೈ ಅದರೊಡನೆ ಕೂಡಿ ಲಿಥಿಯಂ ಕ್ಲೋರೈಡ್ ಎಂಬ ಉಪ್ಪಾಗುತ್ತದೆ. ಈ ಉಪ್ಪು ಆ ದ್ರವದಲ್ಲಿ ಕರಗುವುದು ತೀರಾ ಕಡಿಮೆ, ಹಾಗಾಗಿ ಹುಟ್ಟಿದ ಜಾಗದಲ್ಲೇ ಲೋಹಕ್ಕೆ ಅಂಟಿ ಕೂರುತ್ತದೆ. ಗಾಯದ ಮೇಲೆ ಹಕ್ಕಳೆ ಕಟ್ಟಿದ ಹಾಗೆ. ಒಮ್ಮೆ ಈ ಪದರ ಕಟ್ಟಿತೆಂದರೆ ದ್ರವಕ್ಕೆ ಲೋಹ ಸಿಗುವುದಿಲ್ಲ. 1979ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಇಮ್ಯಾನ್ಯುಯಲ್ ಪೆಲೆಡ್ ಇಂಥ ಪದರಗಳ ಗುಣವನ್ನು ವಿವರಿಸಿದರು: ಲಿಥಿಯಂ ಅಯಾನುಗಳು ಇದರ ಮೂಲಕ ಹಾದುಹೋಗಬಲ್ಲವು, ಎಲೆಕ್ಟ್ರಾನುಗಳಿಗೆ ಇಲ್ಲಿ ಹಾದಿಯಿಲ್ಲ. ಎಲೆಕ್ಟ್ರಾನು ದಾಟದಿದ್ದರೆ ಪ್ರತಿಕ್ರಿಯೆ ಮುಂದುವರಿಯದು. ಮೀಟರು ತಂತಿ ಜೋಡಿಸಿ ಕರೆಂಟು ಕೇಳಿದಾಗ ಮಾತ್ರ ಎಲೆಕ್ಟ್ರಾನುಗಳಿಗೆ ಹೊರಗಿನಿಂದ ದಾರಿ ತೆರೆಯುತ್ತದೆ, ಆಗ ಸೆಲ್ ಕೆಲಸ ಮಾಡುತ್ತದೆ. ಕೇಳುವವರಿಲ್ಲದಾಗ ಹಕ್ಕಳೆ ಕಾವಲಿರುತ್ತದೆ.

ಅಮೆರಿಕದ ಜಿಟಿಇ ಲ್ಯಾಬೊರೇಟರೀಸ್‌ನಲ್ಲಿ ಜೇಮ್ಸ್ ಆಬರ್ನ್, ಆಡಂ ಹೆಲ್ಲರ್ ಮತ್ತು ಸಂಗಡಿಗರು 1970ರ ದಶಕದ ಆರಂಭದಲ್ಲಿ ಈ ಬಗೆಯ ಸೆಲ್‌ಗಳನ್ನು ಕಟ್ಟಿ ತೋರಿಸಿದ್ದು ಈ ಪದರದ ಬಲದಿಂದಲೇ.

ಕಾವಲು ಎಷ್ಟು ಬಿಗಿ ಎಂಬುದನ್ನು ಒಂದು ಲೆಕ್ಕದಲ್ಲಿ ನೋಡಬಹುದು. ಪೆನ್ಸಿಲ್ ಗಾತ್ರದ ಸೆಲ್‌ನಲ್ಲಿ 2.6 ಆಂಪಿಯರ್-ಗಂಟೆಯಷ್ಟು ಸರಕಿರುತ್ತದೆ. ಒಂದು ನೀರಿನ ಮೀಟರು ನಿದ್ದೆ, ಎಚ್ಚರ ಎಲ್ಲ ಸೇರಿ ಸರಾಸರಿ 10 ಮೈಕ್ರೊಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ವರ್ಷಕ್ಕೆ 8,760 ಗಂಟೆ, ಅಂದರೆ ವರ್ಷದ ಖರ್ಚು 0.088 ಆಂಪಿಯರ್-ಗಂಟೆ. ಒಳ್ಳೆಯ ಸೆಲ್ ತನ್ನಷ್ಟಕ್ಕೆ ಸೋರಿಸಿಕೊಳ್ಳುವುದು, ಸಾಮಾನ್ಯ ತಾಪಮಾನದಲ್ಲಿ, ವರ್ಷಕ್ಕೆ ನೂರಕ್ಕೆ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಒಂದು ಭಾಗ ಎಂದೇ ಹಿಡಿದರೆ 0.026. ಎರಡೂ ಸೇರಿ 0.114, ಸೆಲ್ ಕಾಗದದ ಮೇಲೆ 22 ವರ್ಷ ದಾಟುತ್ತದೆ. ಈಗ ಸೋರಿಕೆಯನ್ನು ಮೂರು ಭಾಗಕ್ಕೆ ಏರಿಸಿ ನೋಡಿ. ಮೀಟರು ಎಳೆಯುವಷ್ಟೇ ಹೆಚ್ಚುಕಡಿಮೆ ಸೋರಿ ಹೋಗಿ ಆಯುಸ್ಸು 16 ವರ್ಷಕ್ಕೂ ಕೆಳಗಿಳಿಯುತ್ತದೆ. ಮೀಟರು ಬದಲಾಗಲಿಲ್ಲ, ಅದರ ಕೆಲಸ ಬದಲಾಗಲಿಲ್ಲ, ಆರೇಳು ವರ್ಷ ಹೋಯಿತು. ಇಷ್ಟು ಸಣ್ಣ ಕರೆಂಟು ಎಳೆಯುವ ಉಪಕರಣದಲ್ಲಿ ಸೆಲ್‌ನ ಗಾತ್ರಕ್ಕಿಂತ ಅದರ ಸೋರಿಕೆಯನ್ನೇ ಮೊದಲು ಕೇಳಬೇಕು. ಆ ಸೋರಿಕೆಯನ್ನು ತೀರ್ಮಾನಿಸುವುದು ಬಹುಪಾಲು ಕಾರ್ಖಾನೆಯ ಶುದ್ಧತೆ. ದ್ರವದಲ್ಲಿ ತೇವದ ಅಂಶವೋ ಕಬ್ಬಿಣದ ಅಂಶವೋ ಉಳಿದಿದ್ದರೆ ಹಕ್ಕಳೆ ಕೆಡುತ್ತದೆ. ಒಳಗೆ ಗಾಳಿಯ ತೇವವನ್ನೂ ಹಿಂಡಿ ತೆಗೆದ ಕೋಣೆಗಳಲ್ಲೇ ಇದನ್ನು ಜೋಡಿಸುವುದು ಅದಕ್ಕಾಗಿ.

ಹಕ್ಕಳೆ ಕಟ್ಟುವುದು ಲೋಹದ ಮೇಲ್ಮೈಯಲ್ಲಾದ್ದರಿಂದ, ಮೇಲ್ಮೈ ಕಿರಿದಾದಷ್ಟೂ ಸೋರಿಕೆ ಕಡಿಮೆ. ಮೀಟರಿನ ಸೆಲ್‌ನಲ್ಲಿ ಲಿಥಿಯಂ ಹಾಳೆಯನ್ನು ಚಾಪೆಯಂತೆ ಸುತ್ತುವುದಿಲ್ಲ, ಗೋಡೆಗೆ ಒಂದೇ ಸುತ್ತು ಇಡುತ್ತಾರೆ. ಇದರ ಬೆಲೆಯನ್ನು ಇನ್ನೊಂದು ಕಡೆ ತೆರಬೇಕು. ಕಿರಿದಾದ ಮೇಲ್ಮೈ ಒಮ್ಮೆಗೆ ಹೆಚ್ಚು ಕರೆಂಟು ಕೊಡಲಾರದು. ಮೊಬೈಲ್ ಜಾಲಕ್ಕೆ ಮಾಹಿತಿ ಕಳುಹಿಸುವ ಮೀಟರು ಆ ಕ್ಷಣದಲ್ಲಿ ನೂರಾರು ಮಿಲಿಆಂಪಿಯರ್ ಕೇಳುತ್ತದೆ. ಅದಕ್ಕಾಗಿ ಸೆಲ್‌ನ ಪಕ್ಕ ಒಂದು ಕೆಪಾಸಿಟರ್ ಕೂರಿಸುತ್ತಾರೆ. ಸೆಲ್ ಅದಕ್ಕೆ ಹನಿಹನಿಯಾಗಿ ತುಂಬುತ್ತದೆ, ಮೀಟರು ಅದರಿಂದ ಒಂದೇ ಗುಟುಕಿಗೆ ಕುಡಿಯುತ್ತದೆ.

ಕಾವಲುಗಾರ ಅತಿಯಾಗಿ ಬಿಗಿಯಾದರೂ ತೊಂದರೆ. ಬಿಸಿಲಿನ ತಗಡಿನ ಗೋದಾಮಿನಲ್ಲಿ ಎರಡು ವರ್ಷ ಬಿದ್ದಿದ್ದ ಮೀಟರೊಂದನ್ನು ತಂದು ಜೋಡಿಸಿದರೆ ಏನಾಗಬಹುದು ನೋಡಿ. ಸೆಕೆಯಲ್ಲಿ ಹಕ್ಕಳೆ ಬೇಗ ದಪ್ಪವಾಗುತ್ತದೆ. ತಂತ್ರಜ್ಞ ಮಲ್ಟಿಮೀಟರ್ ಹಿಡಿದರೆ 3.6 ವೋಲ್ಟ್‌ಗೂ ತುಸು ಹೆಚ್ಚೇ ತೋರಿಸುತ್ತದೆ, ಸೆಲ್ ಹೊಸದರಂತಿದೆ. ಮೀಟರಿನ ರೇಡಿಯೊ ಮೊದಲ ಸಲ ಕರೆಂಟು ಕೇಳಿದ ಕೂಡಲೇ ವೋಲ್ಟೇಜು ಧುತ್ತನೆ ಕುಸಿದು, ಒಳಗಿನ ಚಿಪ್ ನಿಂತು ಮೊದಲಿನಿಂದ ಶುರುವಾಗುತ್ತದೆ. ಮತ್ತೆ ಕೇಳುತ್ತದೆ, ಮತ್ತೆ ನಿಲ್ಲುತ್ತದೆ. ಸೆಲ್ ಸತ್ತಿದೆ ಎಂದು ಕಿತ್ತೆಸೆಯುವುದು ಆಗ ಸುಲಭದ ತೀರ್ಮಾನ, ಹಲವು ಸಲ ತಪ್ಪು ತೀರ್ಮಾನವೂ ಹೌದು.

ತಿಳಿಯುವ ದಾರಿ ಕಷ್ಟವಿಲ್ಲ. ಸೆಲ್‌ನ ಎರಡು ತುದಿಗೆ ಸುಮಾರು 330 ಓಮ್‌ನ ರೆಸಿಸ್ಟರ್ ಜೋಡಿಸಿದರೆ ಹತ್ತು ಮಿಲಿಆಂಪಿಯರ್ ಆಸುಪಾಸು ಹರಿಯುತ್ತದೆ. ವೋಲ್ಟೇಜು ಮೊದಲು ಇಳಿದು, ಸೆಕೆಂಡು ನಿಮಿಷಗಳಲ್ಲಿ ನಿಧಾನವಾಗಿ ಮೇಲೇರುತ್ತ ಬಂದರೆ ಹಕ್ಕಳೆ ಒಡೆಯುತ್ತಿದೆ, ಸೆಲ್ ಗಟ್ಟಿಯಾಗಿದೆ. ಇಳಿದದ್ದು ಇಳಿದೇ ಇದ್ದರೆ ಅದರ ಕಾಲ ಮುಗಿದಿರಬಹುದು. ಬರೀ ಮಲ್ಟಿಮೀಟರಿನ ಓದನ್ನು ನಂಬಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಈ ಸೆಲ್‌ನ ವೋಲ್ಟೇಜು ಆಯುಸ್ಸಿನುದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮನಿದ್ದು, ಕೊನೆಗೆ ಒಮ್ಮೆಲೇ ಬೀಳುತ್ತದೆ. ಹಾಗಾಗಿ ಜಾಣ ಮೀಟರುಗಳು ವೋಲ್ಟೇಜನ್ನು ನೆಚ್ಚದೆ, ಎಷ್ಟು ಸಲ ಎಚ್ಚೆತ್ತೆ, ಎಷ್ಟು ಸಲ ಕಳುಹಿಸಿದೆ ಎಂದು ಖರ್ಚಿನ ಲೆಕ್ಕ ಬರೆದಿಟ್ಟುಕೊಂಡು ಉಳಿದ ಆಯುಸ್ಸನ್ನು ಅಂದಾಜಿಸುತ್ತವೆ.

ಸೆಕೆಯ ಮಾತು ನಮ್ಮ ಊರುಗಳಿಗೆ ನೇರವಾಗಿ ತಾಗುತ್ತದೆ. ತಯಾರಕರು ಈ ಸೆಲ್‌ಗಳನ್ನು 30 ಡಿಗ್ರಿಗಿಂತ ಕಡಿಮೆ ತಾಪದಲ್ಲಿ ಇರಿಸಿ ಎನ್ನುತ್ತಾರೆ. ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆಯ ಗಾಳಿಯೇ 40 ಡಿಗ್ರಿ ದಾಟುತ್ತದೆ, ಬಿಸಿಲು ಬಡಿಯುವ ಗೋಡೆಯ ಮೀಟರ್ ಪೆಟ್ಟಿಗೆಯೊಳಗೆ ಅದಕ್ಕಿಂತ ಹೆಚ್ಚು. ಅಲ್ಲಿ ಸೋರಿಕೆಯೂ ಹೆಚ್ಚುತ್ತದೆ, ಹಕ್ಕಳೆಯೂ ದಪ್ಪವಾಗುತ್ತದೆ. ತಂಪು ದೇಶದ 20 ಡಿಗ್ರಿಯಲ್ಲಿ ಅಳೆದ ಆಯುಸ್ಸನ್ನು ಇಲ್ಲಿಗೆ ಹಾಗೇ ಎತ್ತಿ ಬರೆದರೆ ಲೆಕ್ಕ ತಪ್ಪುತ್ತದೆ. ಮೀಟರ್ ಕೊಳ್ಳುವವರು ಬಿಸಿಯಲ್ಲಿ ಅಳೆದ ಸೋರಿಕೆ ಎಷ್ಟು ಎಂದು ತಯಾರಕರನ್ನು ಕೇಳಲೇಬೇಕು.

ಹಳೆಯ ಮೀಟರುಗಳು ಗುಜರಿ ಸೇರುವಾಗ ಈ ಸೆಲ್‌ಗಳೂ ಜೊತೆಗೆ ಹೋಗುತ್ತವೆ. ಇಪ್ಪತ್ತು ವರ್ಷ ದುಡಿದಿದ್ದರೂ ಒಳಗೆ ಲಿಥಿಯಂ ಉಳಿದಿರಬಹುದು. ಒಡೆದರೆ ದ್ರವವು ಗಾಳಿಯ ತೇವ ತಾಗಿ ಉಸಿರುಗಟ್ಟಿಸುವ ಸಲ್ಫರ್ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗುತ್ತದೆ. ಬೆಂಕಿಗೆ ಹಾಕಿದರೆ 180 ಡಿಗ್ರಿಗೆ ಲಿಥಿಯಂ ಕರಗಿ ಸೆಲ್ ಸಿಡಿಯುತ್ತದೆ. ಚಾರ್ಜ್ ಮಾಡಲು ಹೋದರೂ ಅಪಾಯ, ಇದು ಒಮ್ಮೆ ಬಳಸುವ ಸೆಲ್. ಪೆನ್ಸಿಲ್ ಸೆಲ್‌ನಂತೆ ಕಾಣುತ್ತದೆಂದು ಮಕ್ಕಳ ಆಟಿಕೆಗೆ ಹಾಕಬೇಡಿ, ಎರಡು ಪಟ್ಟಿಗೂ ಮೀರಿದ ವೋಲ್ಟೇಜು ಆಟಿಕೆಯನ್ನು ಸುಡುತ್ತದೆ. ಇಂಥ ಸೆಲ್ ಕೈಗೆ ಸಿಕ್ಕರೆ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಇ-ತ್ಯಾಜ್ಯ ಪಡೆಯುವ ಅಧಿಕೃತ ಕೇಂದ್ರಕ್ಕೇ ಕೊಡಿ.