‘ನಾಳೆ’ ಅಂದರೆ ಯಾವತ್ತು?

ಈ ಹುಡುಗಿ ಯಾವ ಪತ್ರಿಕೆಯಲ್ಲೂ ಇಲ್ಲ, ಕಟ್ಟಿದ ಪಾತ್ರ. ಆದರೆ ಆಕೆಯ ರಾತ್ರಿ ಪಾಳಿಯಲ್ಲಿ ನಡೆದದ್ದು ಪತ್ರಿಕೆಯ ಡೆಸ್ಕಿನಲ್ಲಿ ಕೂತವರಿಗೆಲ್ಲ ಗುರುತು ಸಿಗುವಂಥದ್ದು. ಬೆಳಿಗ್ಗೆ ಚಹಾದ ಜೊತೆ ಪೇಪರ್ ಬಿಡಿಸುವವರಿಗೆ ಮಾತ್ರ ಅದು ಕಾಣುವುದಿಲ್ಲ.

ಜುಲೈ ತಿಂಗಳ ಒಂದು ಮಂಗಳವಾರ, ಹುಬ್ಬಳ್ಳಿಯಲ್ಲಿ ಮುದ್ರಣವಾಗುವ ಒಂದು ದಿನಪತ್ರಿಕೆ ಎಂದುಕೊಳ್ಳಿ. ಉತ್ತರ ಕನ್ನಡದಲ್ಲಿ ಮೂರು ದಿನದಿಂದ ಬಿಡದೆ ಮಳೆ. ಸಂಜೆ ಏಳರ ಸುಮಾರಿಗೆ ಜಿಲ್ಲಾಧಿಕಾರಿ ಮರುದಿನ ಶಾಲೆ, ಕಾಲೇಜುಗಳಿಗೆ ರಜೆ ಘೋಷಿಸಿದರು. ಕಾರವಾರದ ವರದಿಗಾರ ಒಡನೆ ಸುದ್ದಿ ಕಳಿಸಿದರು. ಒಳಗಿನ ಒಕ್ಕಣೆ ಸರಿಯಾಗಿಯೇ ಇತ್ತು: ಬುಧವಾರ ರಜೆ. ಉಪಸಂಪಾದಕರೊಬ್ಬರು ಅದನ್ನು ತಿದ್ದಿ, ‘ಭಾರಿ ಮಳೆ: ಬುಧವಾರ ಶಾಲೆ, ಕಾಲೇಜಿಗೆ ರಜೆ’ ಎಂದು ತಲೆಬರಹ ಕೊಟ್ಟು, ಮೊದಲ ಪುಟಕ್ಕೆ ಮೂರು ಕಾಲಂ ಅಗಲದಲ್ಲಿ ಹಾಕಲು ಹೇಳಿದರು.

ಎಡವಟ್ಟು ಶುರುವಾದದ್ದು ಜಾಗದಿಂದ. ತಲೆಬರಹ ಒಂದೇ ಸಾಲಿನಲ್ಲಿ ಕೂರಬೇಕಿತ್ತು, ಕೂರಲಿಲ್ಲ. ‘ಬುಧವಾರ’ ನಾಲ್ಕು ಅಕ್ಷರ. ಅಷ್ಟು ದಪ್ಪ ಅಚ್ಚಿನಲ್ಲಿ ಕೊನೆಯ ‘ರಜೆ’ ಕೆಳಗಿನ ಸಾಲಿಗೆ ಬೀಳುತ್ತಿತ್ತು. ಅಚ್ಚಿನ ಗಾತ್ರ ಇಳಿಸಿದರೆ ಪಕ್ಕದ ಸುದ್ದಿಯ ಎದುರು ಸೊರಗಿದಂತೆ ಕಾಣುತ್ತದೆ. ಪುಟ ವಿನ್ಯಾಸ ಮಾಡುವವರು ‘ಬುಧವಾರ’ ತೆಗೆದು ‘ನಾಳೆ’ ಹಾಕಿದರು. ಕೂತಿತು. ಆಗ ಗಡಿಯಾರದಲ್ಲಿ ಮಂಗಳವಾರ ರಾತ್ರಿ ಹತ್ತು ಗಂಟೆ. ಅವರ ಮಟ್ಟಿಗೆ ಬುಧವಾರ ಎಂದರೆ ನಾಳೆಯೇ. ಪುಟ ನೋಡಿದ ಇನ್ನಿಬ್ಬರ ಮಟ್ಟಿಗೂ ಹಾಗೆಯೇ. ಮೂವರೂ ಅದೇ ರಾತ್ರಿಯಲ್ಲಿ ಕೂತಿದ್ದರು.

ಓದುಗ ಮಾತ್ರ ಆ ರಾತ್ರಿಯಲ್ಲಿ ಇರುವುದಿಲ್ಲ. ಅವನು ಬುಧವಾರ ಬೆಳಿಗ್ಗೆ ಪೇಪರ್ ಹಿಡಿದಿರುತ್ತಾನೆ, ಅವನಿಗೆ ‘ನಾಳೆ’ ಎಂದರೆ ಗುರುವಾರ. ಹಾಗಾಗಿ ಹಳ್ಳ ತುಂಬಿ ಹರಿಯುವ ದಿನವೇ ಮಕ್ಕಳನ್ನು ಶಾಲೆಗೆ ಕಳಿಸಿ, ಮರುದಿನ ಮನೆಯಲ್ಲಿ ಕೂರಿಸಿಕೊಳ್ಳುತ್ತಾನೆ. ಕಾಗುಣಿತ ತಪ್ಪಿಲ್ಲ, ವ್ಯಾಕರಣ ತಪ್ಪಿಲ್ಲ, ಬರೆದ ಹೊತ್ತಿಗೆ ಸುಳ್ಳೂ ಅಲ್ಲ. ಇಂಥ ತಪ್ಪು ಪ್ರೂಫ್ ನೋಡುವ ಕಣ್ಣಿಗೆ ಬೀಳುವುದೇ ಕಷ್ಟ.

ಪುಟ ಬಿಟ್ಟ ಮೇಲೆ ಅದು ಪಿಡಿಎಫ್ ಆಗಿ ಮುದ್ರಣ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಲೇಸರ್ ಯಂತ್ರ ಅದನ್ನು ತೆಳ್ಳಗಿನ ಅಲ್ಯೂಮಿನಿಯಂ ತಗಡಿನ ಮೇಲೆ ಮೂಡಿಸುತ್ತದೆ, ಇದಕ್ಕೆ ಪ್ಲೇಟ್ ಎನ್ನುತ್ತಾರೆ. ಬಣ್ಣದ ಪುಟವೊಂದಕ್ಕೆ ನಾಲ್ಕು ಪ್ಲೇಟ್ ಬೇಕು: ನೀಲಿ, ಕೆಂಪು, ಹಳದಿ, ಕಪ್ಪು ಶಾಯಿಗೆ ಒಂದೊಂದು. ದೂರದ ಊರಿನ ಆವೃತ್ತಿ ಮೊದಲು ಯಂತ್ರಕ್ಕೆ ಏರುತ್ತದೆ. ಹುಬ್ಬಳ್ಳಿಯಿಂದ ಕಾರವಾರಕ್ಕೆ 160 ಕಿಲೋಮೀಟರ್ ಆಸುಪಾಸು. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲಾಕ್ಕೆ ಮುಟ್ಟಬೇಕು. ಮಳೆಗಾಲದಲ್ಲಿ ಘಟ್ಟದ ದಾರಿ ಯಾರ ಆತುರಕ್ಕೂ ಸೊಪ್ಪು ಹಾಕುವುದಿಲ್ಲ. ಹಾಗಾಗಿ ಊರವರ ಪೇಪರಿಗೆ ನಡುರಾತ್ರಿಯ ಸುದ್ದಿಯೂ ಸಿಕ್ಕರೆ ಕಾರವಾರದವರಿಗೆ ಹತ್ತೂವರೆವರೆಗಿನದು ಮಾತ್ರ. ಆತುರವೂ ತಪ್ಪೂ ಹೆಚ್ಚಾಗಿ ಸೇರುವುದು ಇಂಥ ಮೊದಲ ಆವೃತ್ತಿಯಲ್ಲೇ.

ಇದಕ್ಕೆ ಜಗತ್ಪ್ರಸಿದ್ಧ ಸಾಕ್ಷಿ 1948ರ ನವೆಂಬರ್ 3ರ ‘ಷಿಕಾಗೊ ಡೈಲಿ ಟ್ರಿಬ್ಯೂನ್’. ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಟ್ರೂಮನ್ ಸೋತರು, ಡ್ಯೂಯಿ ಗೆದ್ದರು ಎಂದು ಅದರ ಮೊದಲ ಆವೃತ್ತಿ ಮುಖಪುಟದಲ್ಲಿ ಸಾರಿತು. ಆ ಪತ್ರಿಕೆಯ ಮುದ್ರಣ ಕಾರ್ಮಿಕರು ಆಗ ಮುಷ್ಕರದಲ್ಲಿದ್ದರು. ಬೆರಳಚ್ಚು ಮಾಡಿದ ಹಾಳೆಯನ್ನು ಫೋಟೊ ತೆಗೆದು ಅಚ್ಚು ಮಾಡುವ ಬದಲಿ ದಾರಿ ಹಿಡಿದಿದ್ದರಿಂದ, ಎಂದಿನದಕ್ಕಿಂತ ಎಷ್ಟೋ ಗಂಟೆ ಮೊದಲೇ ಪುಟ ಬಿಡಬೇಕಾಯಿತು. ಮತ ಎಣಿಕೆ ಇನ್ನೂ ನಡೆದಿತ್ತು, ತಲೆಬರಹ ಕಾಯಲಿಲ್ಲ. ನಂತರದ ಆವೃತ್ತಿಗಳಲ್ಲಿ ಬದಲಾಯಿಸಿದರೂ ಸುಮಾರು ಒಂದೂವರೆ ಲಕ್ಷ ಪ್ರತಿ ಹೊರಬಿದ್ದಿತ್ತು. ಅದರಲ್ಲೊಂದನ್ನು ಗೆದ್ದ ಟ್ರೂಮನ್ ಅವರೇ ಸೇಂಟ್ ಲೂಯಿಸ್ ರೈಲು ನಿಲ್ದಾಣದಲ್ಲಿ ಎತ್ತಿಹಿಡಿದು ನಕ್ಕ ಚಿತ್ರ ಇಂದಿಗೂ ಪತ್ರಿಕೋದ್ಯಮದ ತರಗತಿಗಳಲ್ಲಿ ತಿರುಗುತ್ತಿದೆ. ನಮ್ಮ ಕಥೆಯ ತಪ್ಪು ಅಷ್ಟು ದೊಡ್ಡದಲ್ಲ. ಆದರೆ ಟ್ರಿಬ್ಯೂನ್ ತಪ್ಪು ಓದಿ ಯಾರೂ ತುಂಬಿದ ಹಳ್ಳ ದಾಟಲು ಹೊರಡಲಿಲ್ಲ.

ಇನ್ನು ಆ ಹುಡುಗಿ. ರಾತ್ರಿ ಪಾಳಿಗೆ ಆವತ್ತೇ ಮೊದಲು ಬಂದವಳು. ಹೊಸಬರಿಗೆ ತಲೆಬರಹ ಬರೆಯಲು ಯಾರೂ ಕೊಡುವುದಿಲ್ಲ, ಫೋಲಿಯೊ ನೋಡಲು ಕೊಡುತ್ತಾರೆ. ಪುಟದ ನೆತ್ತಿಯ ಮೇಲೆ ವಾರ, ದಿನಾಂಕ, ಪುಟಸಂಖ್ಯೆ, ಆವೃತ್ತಿಯ ಹೆಸರು ಇರುವ ಪಟ್ಟಿಯೇ ಫೋಲಿಯೊ. ನಿನ್ನೆಯ ಪುಟದ ಮೇಲೆಯೇ ಇವತ್ತಿನದನ್ನು ಕಟ್ಟುವುದರಿಂದ ಹಳೆಯ ದಿನಾಂಕ ಹಾಗೇ ಉಳಿಯುವುದುಂಟು. ಕೆಳಗಿನಿಂದ ಬಂದ ಮೊದಲ ಪ್ರತಿಗಳನ್ನು ಹಿಡಿದು ಅವಳು ಒಂದೊಂದೇ ಪುಟದ ನೆತ್ತಿ ನೋಡುತ್ತ ಬಂದಳು. ಶಾಯಿ ಬೆರಳಿಗೆ ಹತ್ತುತ್ತಿತ್ತು. ಮೊದಲ ಪುಟದಲ್ಲಿ ‘ಬುಧವಾರ’ ಎಂದಿತ್ತು, ಸರಿ. ಅಲ್ಲಿಂದ ಕಣ್ಣು ಕೆಳಗಿಳಿದರೆ ‘ನಾಳೆ ಶಾಲೆ, ಕಾಲೇಜಿಗೆ ರಜೆ’. ಮೇಲೆ ಬುಧವಾರ, ಕೆಳಗೆ ನಾಳೆ. ಉಳಿದವರು ಗಡಿಯಾರ ನೋಡಿ ಓದಿದ್ದರು. ಇವಳು ಫೋಲಿಯೊ ನೋಡಿ ಓದಿದಳು, ಅಷ್ಟೇ ವ್ಯತ್ಯಾಸ.

ಕೂಡಲೇ ಎದ್ದು ಹೋಗಲಿಲ್ಲ. ಹಿರಿಯರು ಮೂವರು ನೋಡಿ ಬಿಟ್ಟ ಪುಟ, ತನಗೇ ಏನೋ ತಿಳಿಯುತ್ತಿಲ್ಲವೇನೋ ಎಂದು ಎರಡು ಸಲ ಓದಿದಳು. ಒಳಗಿನ ಸುದ್ದಿ ಓದಿದಳು, ಅಲ್ಲಿ ಬುಧವಾರವೇ ಇತ್ತು. ಆಮೇಲೆ ಚೀಫ್ ಸಬ್ ಮೇಜಿನ ಮುಂದೆ ನಿಂತಳು.

“ಸರ್, ಇದು ಬುಧವಾರದ ಪೇಪರ್ ಅಲ್ಲೇನ್ರಿ? ನಾಳೆ ಅಂದ್ರ ಗುರುವಾರ ಆಗ್ತೈತಲ್ರಿ?”

ಅವರು ಪುಟ ಇಸಿದುಕೊಂಡು ನೋಡಿದರು. ಯಾರು ಮಾಡಿದ್ದು ಎಂದು ಕೇಳಲಿಲ್ಲ. ಅದು ಬೆಳಗಿನ ಮಾತು. ಫೋನ್ ಎತ್ತಿ ಮುದ್ರಣ ವಿಭಾಗಕ್ಕೆ, “ಯಂತ್ರ ನಿಲ್ಲಸ್ರಿ. ಎಷ್ಟು ಹೊಡದೈತಿ?” ಎಂದರು.

“ಐದ್ ಸಾವಿರದ ಮ್ಯಾಲ ಆಗೇತ್ರಿ ಸರ್.”

ಲೆಕ್ಕ ಸರಳ. ಗಂಟೆಗೆ 36 ಸಾವಿರ ಪ್ರತಿ ಮುದ್ರಿಸುವ ಯಂತ್ರವಾದರೆ ನಿಮಿಷಕ್ಕೆ 600. ಪ್ರತಿ ಮೇಲೆ ಬಂದು, ಅವಳು ಓದಿ, ಅನುಮಾನಿಸಿ, ಎದ್ದು ಬರುವಷ್ಟರಲ್ಲಿ ಒಂಬತ್ತು ನಿಮಿಷ ಕಳೆದಿತ್ತು. ಎರಡು ಸಲ ಓದಿದ್ದಕ್ಕೇ ಸಾವಿರ ಪ್ರತಿ ಹೋಗಿರಬೇಕು. ಅದಕ್ಕೇ ಡೆಸ್ಕಿನಲ್ಲಿ ಒಂದು ರೂಢಿಯಿದೆ: ಅನುಮಾನ ಬಂದರೆ ಮೊದಲು ಕೂಗು, ಆಮೇಲೆ ಖಚಿತ ಮಾಡಿಕೋ. ಹೊಸಬರಿಗೆ ಇದು ತಿಳಿದಿರುವುದಿಲ್ಲ, ತಿಳಿದರೂ ಬಾಯಿ ಬರುವುದಿಲ್ಲ.

ತಿದ್ದುವುದು ಎಷ್ಟು ಕಷ್ಟ ಎನ್ನುವುದು ತಲೆಬರಹದ ಬಣ್ಣದ ಮೇಲೆ ನಿಂತಿದೆ. ಕೆಂಪು ಪಟ್ಟಿಯೊಳಗೆ ಬಿಳಿ ಅಕ್ಷರ ಕೊರೆದಿದ್ದರೆ ಆ ಕೆಂಪನ್ನು ಕೂಡಿಸುವ ಪ್ಲೇಟುಗಳೆಲ್ಲ ಬದಲಾಗಬೇಕು. ಇಲ್ಲಿ ತೆಳು ಹಳದಿ ನೆಲದ ಮೇಲೆ ಕಪ್ಪು ಅಕ್ಷರ ಇತ್ತು. ಹಳದಿ ತನ್ನ ಪಾಡಿಗಿದ್ದರೆ ಸಾಕು, ಕಪ್ಪಿನದೊಂದೇ ಪ್ಲೇಟ್ ಹೊಸದಾಗಿ ತೆಗೆದರೆ ಆಯಿತು. ‘ನಾಳೆ’ ಇದ್ದಲ್ಲಿ ‘ಇಂದು’ ಹಾಕಿದರು. ಎರಡೂ ಎರಡೇ ಅಕ್ಷರ, ಸಾಲು ಅಲುಗಲಿಲ್ಲ. ಹತ್ತು ಗಂಟೆಗೇ ಇದು ಯಾರಿಗಾದರೂ ಹೊಳೆಯಬಹುದಿತ್ತು! ಹೊಸ ಪ್ಲೇಟ್ ತೆಗೆದು, ಹಳೆಯದನ್ನು ಬಿಚ್ಚಿ, ಸಿಲಿಂಡರಿಗೆ ಕಟ್ಟಿ ಯಂತ್ರ ಮತ್ತೆ ತಿರುಗಲು ಕಾಲು ಗಂಟೆ ಹಿಡಿಯಿತು. ತಿರುಗಿದ ಮೇಲೂ ಮೊದಲ ಕೆಲವು ನೂರು ಪ್ರತಿ ರದ್ದಿಗೇ ಹೋಗುತ್ತವೆ. ಶಾಯಿಗೂ ನೀರಿಗೂ ಹದ ಕೂಡಬೇಕು, ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಅಲ್ಲಿಯವರೆಗೆ ಚಿತ್ರದಲ್ಲಿರುವವರಿಗೆಲ್ಲ ಎರಡೆರಡು ಮೂಗು.

ಕಾರವಾರ ಮತ್ತು ಶಿರಸಿ ಗಾಡಿಗಳು ಅಂಗಳದಲ್ಲೇ ಇದ್ದವು. ಏರಿಸಿದ್ದ ಕಟ್ಟುಗಳನ್ನು ಇಳಿಸಿದರು. ಸುಮಾರು 4,200 ಪ್ರತಿ. 12 ಪುಟದ ಪೇಪರ್ ಒಂದೊಂದು 50 ಗ್ರಾಂ ಎಂದರೂ ಎರಡು ಕ್ವಿಂಟಲ್ ಮೀರಿದ ಕಾಗದ. ಅದು ಹೋದರೆ ಹೋಗಲಿ ಎನ್ನಬಹುದು. ಕಷ್ಟದ ಪ್ರಶ್ನೆ ಬೇರೆಯದು. ಜೊಯಿಡಾ ಕಡೆಯ ಗಾಡಿ 1,200 ಪ್ರತಿ ಹೊತ್ತು ಆಗಲೇ ಧಾರವಾಡದತ್ತ ಹೊರಟಿತ್ತು. ಅದನ್ನು ವಾಪಸ್ ಕರೆಸಿದರೆ ದಾಂಡೇಲಿಯಿಂದ ಬೆಳಿಗ್ಗೆ ಮೊದಲು ಬಿಡುವ ಬಸ್ಸು ತಪ್ಪುತ್ತದೆ, ಆಮೇಲೆ ಒಳಗಿನ ಊರುಗಳಿಗೆ ಆ ದಿನ ಪೇಪರೇ ಇಲ್ಲ. ಬಿಟ್ಟರೆ ತಪ್ಪು ತಲೆಬರಹ ತಲುಪುವುದು ಕಾಡಿನ ನಡುವೆ, ಫೋನ್ ಸಿಗ್ನಲ್ ನೆಚ್ಚಲಾಗದ ಕಡೆಗೆ.

ಚೀಫ್ ಸಬ್ ಗಾಡಿಯನ್ನು ಅಳ್ನಾವರದ ಹತ್ತಿರ ನಿಲ್ಲಿಸಲು ಹೇಳಿದರು. ತಿದ್ದಿದ 1,200 ಪ್ರತಿಯನ್ನು ಇನ್ನೊಂದು ಕಾರಿನಲ್ಲಿ ಹಿಂದೆ ಅಟ್ಟಿ, ದಾರಿಯಲ್ಲೇ ಕಟ್ಟು ಅದಲುಬದಲು ಮಾಡಿಸಿದರು. ಕಾರಿನ ಬಾಡಿಗೆ ಆ ಪ್ರತಿಗಳ ಹುಟ್ಟುವಳಿಗಿಂತ ಹೆಚ್ಚಾಗಿರಬಹುದು. ಬೇರೆ ಚೀಫ್ ಸಬ್ ಆಗಿದ್ದರೆ ಏಜೆಂಟರಿಗೆ ಫೋನ್ ಮಾಡಿ ಕೈತೊಳೆದುಕೊಳ್ಳುತ್ತಿದ್ದರೇನೋ. ನನಗೆ ಇವರದ್ದೇ ಸರಿ ಕಾಣುತ್ತದೆ. ತಲೆಬರಹದ ತಪ್ಪುಗಳಲ್ಲಿ ನಗುವಂಥವೂ ಇವೆ, ದಾರಿ ತಪ್ಪಿಸುವಂಥವೂ ಇವೆ. ಯಂತ್ರ ನಿಲ್ಲಿಸುವುದು, ಗಾಡಿ ತಡೆಯುವುದು ಎರಡನೆಯದಕ್ಕೆ. ‘ಪ್ರಶಸ್ತಿ ಪ್ರದಾನ’ದ ಬದಲು ‘ಪ್ರಧಾನ’ ಎಂದು ಹೋಗಿದ್ದರೆ ಯಾವ ಕಾರೂ ಹೊರಡುತ್ತಿರಲಿಲ್ಲ, ಹೊರಡಬೇಕಾಗಿಯೂ ಇಲ್ಲ.

ಇಷ್ಟೆಲ್ಲ ಆದಮೇಲೆ ಹುಡುಗಿಗೆ ಇನ್ನೊಂದು ನೆನಪಾಯಿತು. “ಸರ್, ಇ-ಪೇಪರ್?” ಮುದ್ರಣಕ್ಕೆ ಹೋದ ಹಳೆಯ ಪಿಡಿಎಫ್ ಅದಕ್ಕೂ ಹೋಗಿತ್ತು. ಕಾಗದದಲ್ಲಿ ತಿದ್ದಿ ಅಲ್ಲಿ ಮರೆತರೆ, ಬೆಳಿಗ್ಗೆ ಪಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಿರುಗುವುದು ಅದೇ ತುಣುಕು. ಬದಲಿಸಿದರು.

ಬುಧವಾರ ರಾತ್ರಿ ಅವಳು ಮತ್ತೆ ಪಾಳಿಗೆ ಬಂದಾಗ ತಿದ್ದುಪಡಿಯ ಪ್ರಶ್ನೆ ಕಾದಿತ್ತು. ಅದಲುಬದಲಾಗುವ ಮೊದಲೇ ಹಳಿಯಾಳ ದಾರಿಯ ಏಜೆಂಟರೊಬ್ಬರಿಗೆ ಒಂದು ಕಟ್ಟು ಇಳಿದುಬಿಟ್ಟಿತ್ತಂತೆ. ಅಷ್ಟರಲ್ಲಿ ಮಳೆ ಇನ್ನೂ ಜೋರಾಗಿ, ಜಿಲ್ಲಾಡಳಿತ ಗುರುವಾರಕ್ಕೂ ರಜೆ ಕೊಟ್ಟಿತ್ತು. ಆ ಕಟ್ಟಿನಲ್ಲಿದ್ದ ‘ನಾಳೆ ರಜೆ’ ಈಗ ನಿಜವಾಗಿ ಕೂತಿತ್ತು.

“ಇನ್ನ ತಿದ್ದುಪಡಿ ಯಾಕ್ರಿ ಸರ್? ಸರಿನಾ ಆತಲ್ರಿ,” ಎಂದರು ವಿನ್ಯಾಸದವರು.

“ಗುರುವಾರದ್ದು ಸರಿ ಆತು. ಬುಧವಾರ ಸಾಲಿಗೆ ಹೋಗಿ ಬಾಗಿಲಾ ಹಾಕಿದ್ದು ನೋಡಿ ಬಂದ ಹುಡುಗರದ್ದು?” ಎಂದು ಚೀಫ್ ಸಬ್ ಹುಡುಗಿಯತ್ತ ತಿರುಗಿದರು. “ನೀನ ಬರಿಯವಾ. ಇಂದು, ನಾಳೆ, ನಿನ್ನೆ ಒಂದೂ ಬರಬಾರ್ದು. ತಾರೀಖು ಹಾಕು.”