ಅಂಗೈಯಗಲದ ಪರದೆಯಲ್ಲಿ ಇಮೇಲ್

ಅಪಾರ್ಟ್‌ಮೆಂಟ್ ಸಂಘದಿಂದ ಹೀಗೊಂದು ಇಮೇಲ್ ಬಂತೆನ್ನಿ:

"ನಮ್ಮ ಸಂಕೀರ್ಣದ ಟ್ಯಾಂಕ್‌ಗಳನ್ನು ಆರು ತಿಂಗಳಿಗೊಮ್ಮೆ ತೊಳೆಸುವುದು ವಾಡಿಕೆಯಾಗಿದ್ದು, ಅದರಂತೆ ಈ ಭಾನುವಾರ ಬೆಳಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ನೀರು ಬರುವುದಿಲ್ಲವಾದ್ದರಿಂದ ಹಿಂದಿನ ರಾತ್ರಿಯೇ ನೀರು ತುಂಬಿಸಿಟ್ಟುಕೊಳ್ಳಬೇಕೆಂದೂ, ಹೊರಗೆ ಹೋಗುವವರು ನಲ್ಲಿಗಳನ್ನು ಬಂದ್ ಮಾಡಿರಬೇಕೆಂದೂ ಕೋರಲಾಗಿದೆ."

ಕಂಪ್ಯೂಟರಿನಲ್ಲಿ ಇದು ಎರಡು ಮೂರು ಸಾಲು. ಫೋನಿನ ಸಾಲಿನಲ್ಲಿ ಹಿಡಿಯುವುದು ಮೂರು ನಾಲ್ಕು ಪದ ಮಾತ್ರ. ಹಾಗಾಗಿ ಇದೇ ಮಾತು ಏಳೆಂಟು ಸಾಲಿನ ಗೋಡೆಯಾಗಿ ನಿಲ್ಲುತ್ತದೆ. ಕನ್ನಡಕ್ಕೆ ಇನ್ನೊಂದು ತೊಡಕೂ ಇದೆ: 'ತುಂಬಿಸಿಟ್ಟುಕೊಳ್ಳಬೇಕೆಂದೂ' ಎಂಬಂಥ ಪದವೊಂದೇ ಅರ್ಧ ಸಾಲನ್ನು ನುಂಗುತ್ತದೆ. ಬಸ್ಸಿನಲ್ಲಿ ನಿಂತು ಓದುವವರಿಗೆ ನೀರು ಯಾವಾಗ ನಿಲ್ಲುತ್ತದೆ ಎಂಬುದು ಸಿಗುವ ಮೊದಲೇ ಬೆರಳು ಮುಂದಕ್ಕೆ ಸರಿದಿರುತ್ತದೆ.

ಅದೇ ಪತ್ರ ಹೀಗಿದ್ದರೆ?

ಈ ಭಾನುವಾರ ಬೆಳಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ನೀರು ಬರುವುದಿಲ್ಲ. ಟ್ಯಾಂಕ್ ತೊಳೆಸುತ್ತಿದ್ದೇವೆ.

ದಯವಿಟ್ಟು:

• ಶನಿವಾರ ರಾತ್ರಿಯೇ ನೀರು ತುಂಬಿಸಿಡಿ.
• ಹೊರಗೆ ಹೋಗುವಾಗ ನಲ್ಲಿ ಬಂದ್ ಮಾಡಿ.

ಬರಿಯ ಚುಕ್ಕೆ ಇಟ್ಟಿದ್ದರಿಂದ ಆದ ಬದಲಾವಣೆ ಇದಲ್ಲ. ದಿನ, ಹೊತ್ತು ಮೊದಲ ಸಾಲಿಗೆ ಬಂದವು. ನೋಟಿಫಿಕೇಶನ್ನಿನಲ್ಲಿ ಸಾಮಾನ್ಯವಾಗಿ ಕಾಣುವುದು ಆ ಮೊದಲ ಮಾತೇ. ವಾಡಿಕೆಯ ವಿವರಣೆ ಬಿಟ್ಟುಹೋಯಿತು, 'ಕೋರಲಾಗಿದೆ' ಎಂಬುದು 'ದಯವಿಟ್ಟು' ಆಯಿತು. ನಡುವಿನ ಖಾಲಿ ಸಾಲು, ಒಂದು ಮಾತು ಮುಗಿದು ಇನ್ನೊಂದು ಶುರುವಾಯಿತು ಎಂದು ಕಣ್ಣಿಗೆ ತಿಳಿಸುತ್ತದೆ. ಫೋನಿಗಾದರೆ ಪ್ಯಾರಾಕ್ಕೆ ಎರಡು ಮೂರು ವಾಕ್ಯ ಸಾಕು.

ಆದರೆ ಎಲ್ಲವನ್ನೂ ಚುಕ್ಕೆಗಳಾಗಿ ಒಡೆಯುವುದು ತಪ್ಪು. ಮೇಂಟೆನೆನ್ಸ್ ಶುಲ್ಕ ಏಕೆ ಏರಿತು ಎಂದು ವಿವರಿಸುವ ಪತ್ರದಲ್ಲಿ 'ಆದ್ದರಿಂದ', 'ಆದರೂ' ಎಂಬ ಕೊಂಡಿಗಳೇ ಮುಖ್ಯ. ಚುಕ್ಕೆ ಇಟ್ಟರೆ ಅವು ಕಳಚಿಬಿದ್ದು, ಕಾರಣ ಯಾವುದು, ಪರಿಣಾಮ ಯಾವುದು ತಿಳಿಯದಾಗುತ್ತದೆ. ಸಂತಾಪ, ಕ್ಷಮೆಯ ಪತ್ರಗಳಿಗಂತೂ ಚುಕ್ಕೆ ಸಲ್ಲದು. ಓದುವವರು ಮಾಡಬೇಕಾದ ಕೆಲಸಗಳಿಗೆ, ತರಬೇಕಾದ ದಾಖಲೆಗಳಿಗೆ ಚುಕ್ಕೆ ಹೊಂದುತ್ತದೆ. ಒಂದಾದ ಮೇಲೊಂದು ಮಾಡಬೇಕಿದ್ದರೆ ಸಂಖ್ಯೆಯೇ ಮೇಲು. "2ನೆಯದು ಅರ್ಥವಾಗಲಿಲ್ಲ" ಎಂದು ಉತ್ತರ ಬರೆಯುವುದೂ ಸುಲಭ.

ಹೆಚ್ಚಿನವರು ಎಡವುವುದು ಕಂಪ್ಯೂಟರಿನಲ್ಲಿ ಅಂದವಾಗಿ ಕಾಣಲೆಂದು ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತುವುದರಲ್ಲಿ. ಫೋನಿನಲ್ಲಿ ಆ ಸಾಲುಗಳು ನಡುವೆಯೇ ಮುರಿದು, ಒಂದು ಉದ್ದ, ಒಂದು ಗಿಡ್ಡ ಆಗುತ್ತವೆ. ಸ್ಪೇಸ್ ಒತ್ತಿ ಜೋಡಿಸಿದ ಹೆಸರು, ಮೊತ್ತಗಳ ಪಟ್ಟಿಯೂ ಕದಡಿಹೋಗುತ್ತದೆ. ಚುಕ್ಕೆಯ ಒಳಗೊಂದು ಚುಕ್ಕೆ ಇಟ್ಟರೆ, ಮೊದಲೇ ಕಿರಿದಾದ ಸಾಲು ಇನ್ನಷ್ಟು ಕುಗ್ಗುತ್ತದೆ.

ಇದನ್ನು ಪತ್ತೆ ಹಚ್ಚಲು ಒಂದು ನಿಮಿಷ ಸಾಕು. ಎಲ್ಲರಿಗೂ ಕಳಿಸುವ ಮುನ್ನ ನಿಮಗೇ ಒಮ್ಮೆ ಕಳಿಸಿಕೊಂಡು ಫೋನಿನಲ್ಲಿ ತೆರೆಯಿರಿ. ಬೆರಳು ಸರಿಸದೆಯೇ ಮುಖ್ಯ ವಿಷಯ ಕಾಣದಿದ್ದರೆ, ಅದನ್ನು ಮೇಲಕ್ಕೆ ತಂದು ಮತ್ತೆ ಬರೆಯಿರಿ.